ಗ್ಲಾಸಿನೊಳಗೆ ಮಂಜು: ವಾಚಿನ ಹಿಂದಿನ ಅಂಕಿ ಓದುವುದು, ಸೋರುವ ಜಾಗ ಹಿಡಿಯುವುದು

ದೂರು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ವಾಚಿನ ಹಿಂದೆ 5 ಬಾರ್ ಎಂದು ಕೊರೆದಿದೆ, ಅಂದರೆ 50 ಮೀಟರ್. ಈಜುಕೊಳಕ್ಕೆ ಇಳಿದದ್ದೇ ಇಲ್ಲ. ಆದರೂ ಬಿಸಿನೀರಿನ ಸ್ನಾನ ಮುಗಿಸಿ ಎಸಿ ಕೋಣೆಗೆ ಬಂದರೆ ಗ್ಲಾಸಿನ ಒಳಗಡೆ ಮಂಜು ಕೂರುತ್ತದೆ, ಅರ್ಧ ಗಂಟೆಯಲ್ಲಿ ತಾನೇ ಮಾಯವಾಗುತ್ತದೆ. ಮಾಯವಾಯಿತಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ಕೆಲವು ತಿಂಗಳ ಬಳಿಕ ಮುಳ್ಳುಗಳ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಸೆಲ್ಲು ಹೊಸದಾಗಿದ್ದರೂ ವಾಚು ನಿಲ್ಲುತ್ತದೆ.

ಮಂಜು ಮಾಯವಾದರೂ ನೀರು ಹೊರಗೆ ಹೋಗಿರುವುದಿಲ್ಲ. ಗ್ಲಾಸು ಬೆಚ್ಚಗಾದಾಗ ಆ ತೇವ ಮತ್ತೆ ಆವಿಯಾಗಿ ಒಳಗಿನ ಗಾಳಿಗೆ ಸೇರುತ್ತದೆ, ಅಷ್ಟೆ. ಹಾಗಾದರೆ ಆ ತೇವ ಒಳಗೆ ಬಂದದ್ದು ಎಲ್ಲಿಂದ, ಹಿಂದೆ ಬರೆದ ಅಂಕಿ ಯಾಕೆ ಅದನ್ನು ತಡೆಯಲಿಲ್ಲ, ಮನೆಯಲ್ಲಿ ಏನನ್ನು ಪರೀಕ್ಷಿಸಬಹುದು, ಅಂಗಡಿಯಲ್ಲಿ ಏನನ್ನು ಕೇಳಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು ನೋಡಬೇಕಾದದ್ದು: ಹೊರಗೋ, ಒಳಗೋ, ಎಷ್ಟು

ಒಣ ಹತ್ತಿಬಟ್ಟೆಯಿಂದ ಗ್ಲಾಸು ಒರೆಸಿ. ಮಂಜು ಬಟ್ಟೆಗೆ ಬಂದರೆ ಅದು ಹೊರಗಿನದು, ಅಲ್ಲಿಗೆ ಚಿಂತೆ ಮುಗಿಯಿತು. ಬರದಿದ್ದರೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ತೆಳುವಾದ ಹಾಲಿನಂಥ ಪೊರೆ ಮಾತ್ರ ಕಾಣುತ್ತಿದೆಯೋ, ಅಥವಾ ಬಿಡಿಬಿಡಿಯಾದ ಹನಿಗಳು ಕಾಣುತ್ತಿವೆಯೋ?

ಈ ವ್ಯತ್ಯಾಸ ದೊಡ್ಡದು. ಸಾಮಾನ್ಯ ಕೈಗಡಿಯಾರದ ಒಳಗೆ ಖಾಲಿ ಜಾಗ ಸುಮಾರು 2 ಮಿಲಿಲೀಟರ್ ಇದೆ ಎಂದುಕೊಳ್ಳಿ. ಮಳೆಗಾಲದ 28 ಡಿಗ್ರಿ ಸೆಲ್ಸಿಯಸ್‌ನ ತೇವಭರಿತ ಗಾಳಿ ಅಷ್ಟು ಜಾಗವನ್ನು ತುಂಬಿದರೂ ಅದರಲ್ಲಿರುವ ಆವಿ ಸುಮಾರು 50 ಮೈಕ್ರೋಗ್ರಾಂ. ನಲ್ಲಿಯ ಒಂದು ಹನಿ ಸುಮಾರು 50 ಮಿಲಿಗ್ರಾಂ, ಅಂದರೆ ಅದರ ಸಾವಿರ ಪಟ್ಟು. ಆದ್ದರಿಂದ ತೆಳು ಪೊರೆ ಬರೀ ಆವಿಯಿಂದಲೂ ಆಗಬಹುದು. ಕಣ್ಣಿಗೆ ಕಾಣುವ ಹನಿಗಳಿದ್ದರೆ ನೀರು ನೀರಾಗಿಯೇ ಒಳಹೊಕ್ಕಿದೆ ಎಂದು ಅರ್ಥ.

ಹನಿ ಕಂಡರೆ ಪರೀಕ್ಷೆಗಳಲ್ಲಿ ಸಮಯ ಕಳೆಯಬೇಡಿ, ಅದೇ ದಿನ ಹಿಂಬದಿ ಮುಚ್ಚಳ ತೆಗೆಸಿ. ಸಮುದ್ರದ ನೀರಾಗಿದ್ದರೆ ಕ್ರೌನ್, ಅಂದರೆ ಸಮಯ ತಿದ್ದುವ ಗುಂಡಿ, ಪೂರ್ತಿ ಒಳಗಿರುವಂತೆ ನೋಡಿಕೊಂಡು ವಾಚಿನ ಹೊರಮೈಯನ್ನು ಒದ್ದೆಬಟ್ಟೆಯಿಂದ ಒರೆಸಿ ಉಪ್ಪು ತೆಗೆಯಿರಿ, ಆಮೇಲೆ ಅಂಗಡಿಗೆ ಒಯ್ಯಿರಿ. ಕ್ವಾರ್ಟ್ಜ್ ವಾಚಾದರೆ ಮೊದಲು ಸೆಲ್ಲು ತೆಗೆಯಬೇಕು. ತೇವದ ಜೊತೆ ವಿದ್ಯುತ್ತೂ ಇದ್ದರೆ ತಾಮ್ರದ ಸುರುಳಿ ಮತ್ತು ಸೆಲ್ಲಿಗೆ ತಾಗುವ ಲೋಹದ ಪಟ್ಟಿಗಳು ಬೇಗ ಹಸಿರುಗಟ್ಟುತ್ತವೆ.

ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯ ಇಲ್ಲಿ ನಡೆಯುವುದಿಲ್ಲ. ಮುಚ್ಚಳ ಮುಚ್ಚಿದ ವಾಚಿನ ಒಳಗಿನ ತೇವವನ್ನು ರಬ್ಬರ್ ವಾಷರ್‌ಗಳ ಆಚೆಯಿಂದ ಅಕ್ಕಿ ಎಳೆದುಕೊಳ್ಳಲಾರದು, ಬದಲಿಗೆ ಅಕ್ಕಿಯ ಹುಡಿ ಕ್ರೌನಿನ ಸಂದಿಗೆ ಸೇರುತ್ತದೆ. ಹೇರ್ ಡ್ರೈಯರ್ ಹಿಡಿದರೆ ಗ್ಲಾಸಿನ ಮೇಲಿದ್ದ ನೀರು ಆವಿಯಾಗಿ ಯಂತ್ರದ ತಣ್ಣನೆಯ ಭಾಗಗಳ ಮೇಲೆ ಹೋಗಿ ಕೂರುತ್ತದೆ. ಗ್ಲಾಸು ತಿಳಿಯಾಗಿ ಕಂಡಷ್ಟೇ ಬಂತು.

ಆ ಅಂಕಿ ನಿಜವಾಗಿ ಏನು ಹೇಳುತ್ತದೆ

ಬಾರ್, ಎಟಿಎಂ, ಮೀಟರ್ ಮೂರೂ ಒಂದೇ ವಿಷಯದ ಮೂರು ಬರಹಗಳು. 1 ಬಾರ್ ಅಂದರೆ ಸುಮಾರು 10 ಮೀಟರ್ ನೀರಿನ ಒತ್ತಡ, 1 ಎಟಿಎಂ ಕೂಡ ಹೆಚ್ಚುಕಡಿಮೆ ಅಷ್ಟೇ. 3 ಎಟಿಎಂ, 3 ಬಾರ್, 30 ಮೀಟರ್ ಇವುಗಳ ನಡುವೆ ಬಳಸುವವರ ಮಟ್ಟಿಗೆ ಭೇದವಿಲ್ಲ.

ಸಾಮಾನ್ಯ ವಾಚುಗಳಿಗೆ ಈಗಿರುವ ಅಂತಾರಾಷ್ಟ್ರೀಯ ಮಾನದಂಡ ಐಎಸ್ಓ 22810, ಬಂದದ್ದು 2010ರಲ್ಲಿ. ಅದರ ಒತ್ತಡ ಪರೀಕ್ಷೆಯಲ್ಲಿ ವಾಚನ್ನು ನೀರಿನಲ್ಲಿಟ್ಟು, ಬರೆದ ಒತ್ತಡಕ್ಕೆ ಏರಿಸಿ, 10 ನಿಮಿಷ ಹಿಡಿದು, ಇಳಿಸುತ್ತಾರೆ. ಅಷ್ಟೇ ಅಲ್ಲದೆ 10 ಸೆಂಟಿಮೀಟರ್ ಆಳದಲ್ಲಿ 1 ಗಂಟೆ ಇಡುವುದು, ಕ್ರೌನ್ ಮೇಲೆ ಪಕ್ಕದಿಂದ ಒತ್ತುವುದು, 40 ಡಿಗ್ರಿಯ ನೀರಿನಿಂದ 20 ಡಿಗ್ರಿಯ ನೀರಿಗೆ, ಮತ್ತೆ 40ಕ್ಕೆ ತಲಾ 5 ನಿಮಿಷದಂತೆ ಬದಲಿಸುವುದು, ಇವೂ ಇವೆ. ಎಲ್ಲ ಹೊಸ ವಾಚಿನ ಮೇಲೆ, ಶುದ್ಧ ನೀರಿನಲ್ಲಿ. ಸಾಮಾನ್ಯ ವಾಚುಗಳಲ್ಲಿ ಪ್ರತಿಯೊಂದನ್ನೂ ಹೀಗೆ ಪರೀಕ್ಷಿಸಬೇಕೆಂದಿಲ್ಲ, ಮಾದರಿ ಆಯ್ದು ನೋಡಿದರೆ ಸಾಕು. ಮುಳುಗುಗಾರರ ವಾಚಿನ ಮಾನದಂಡ ಐಎಸ್ಓ 6425 ಬೇರೆ. ಅದರಲ್ಲಿ ಕನಿಷ್ಠ 100 ಮೀಟರ್ ಇರಬೇಕು, ಪ್ರತಿ ವಾಚನ್ನೂ ಬರೆದ ಒತ್ತಡಕ್ಕಿಂತ ಕಾಲುಭಾಗ ಹೆಚ್ಚಿಗೆ ಒತ್ತಿ ನೋಡಬೇಕು.

ಅಂದರೆ ವಾಚಿನ ಹಿಂದಿರುವುದು ಅದು ಕಾರ್ಖಾನೆಯಿಂದ ಹೊರಟಾಗಿನ ಅಂಕಿ. ಐದು ವರ್ಷದ ಹಿಂದೆ ಕೊಂಡು, ನಡುವೆ ಎರಡು ಸಲ ಸೆಲ್ಲು ಬದಲಿಸಿದ ವಾಚಿನ ಇಂದಿನ ಸ್ಥಿತಿಯನ್ನು ಅದು ಹೇಳುವುದಿಲ್ಲ.

ಈಜುವಾಗ ಕೈ ಬೀಸುವ ರಭಸಕ್ಕೆ ಒತ್ತಡ 30 ಮೀಟರ್ ಆಳದಷ್ಟಾಗುತ್ತದೆ, ಅದಕ್ಕೇ 3 ಎಟಿಎಂ ವಾಚು ಸೋರುತ್ತದೆ ಎಂಬ ಮಾತು ಬಹಳ ಓಡಾಡುತ್ತದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಚಲನೆಯಿಂದ ಬರುವ ಒತ್ತಡ ನೀರಿನ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಕೈ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೋದರೆ ಸಿಗುವುದು 0.045 ಬಾರ್, ಅಂದರೆ ಸುಮಾರು 45 ಸೆಂಟಿಮೀಟರ್ ಹೆಚ್ಚುವರಿ ಆಳ. ಮೂರು ಮೀಟರ್ ಎತ್ತರದ ಹಲಗೆಯಿಂದ ಹಾರಿದರೆ ನೀರು ತಾಗುವ ವೇಗ ಸೆಕೆಂಡಿಗೆ ಸುಮಾರು 7.7 ಮೀಟರ್, ಒತ್ತಡ 0.3 ಬಾರ್. ನೀರಿನ ಮೇಲ್ಮೈಗೆ ವಾಚು ಅಪ್ಪಳಿಸುವ ಕ್ಷಣದಲ್ಲಿ ಏಟು ಇದಕ್ಕಿಂತ ಜೋರಿರಬಹುದು, ಆದರೆ ಅದು ಕ್ಷಣಮಾತ್ರ. ಮನೆಯ ಶವರ್ ಕೂಡ ಹಾಗೇ. ತಾರಸಿಯ ಟ್ಯಾಂಕು ಶವರಿಗಿಂತ 5 ಮೀಟರ್ ಮೇಲಿದ್ದರೆ ಒತ್ತಡ ಅರ್ಧ ಬಾರ್ ಮಾತ್ರ.

ಹಾಗಿದ್ದರೂ 3 ಎಟಿಎಂ ವಾಚನ್ನು ಸ್ನಾನಕ್ಕೆ, ಈಜಿಗೆ ಬೇಡ ಎಂದು ತಯಾರಕರು ಹೇಳುತ್ತಾರಲ್ಲ? ಅವರು ಹೇಳುವುದು ಸರಿ. ಕಾರಣ ಮಾತ್ರ ಆಳದ್ದಲ್ಲ. ಕಡಿಮೆ ಅಂಕಿಯ ವಾಚುಗಳಲ್ಲಿ ಕ್ರೌನ್ ವಾಷರ್ ತೆಳು, ಹಿಂಬದಿ ಮುಚ್ಚಳ ಒತ್ತಿ ಕೂರಿಸುವಂಥದ್ದು, ಸವೆತಕ್ಕೆ ಉಳಿದಿರುವ ಅಂತರ ಬಹಳ ಕಡಿಮೆ. ಅವನ್ನು ಸೋಲಿಸಲು 30 ಮೀಟರ್ ನೀರು ಬೇಕಿಲ್ಲ.

ಬಚ್ಚಲುಮನೆಯಲ್ಲಿ ಏನಾಗುತ್ತದೆ

ಬಿಸಿನೀರಿನ ಸ್ನಾನದಲ್ಲಿ ಮೂರು ಸಂಗತಿಗಳು ಒಟ್ಟಿಗೆ ಸೇರುತ್ತವೆ. ವಾಚು ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಸವೆದ ವಾಷರ್ ಇದ್ದರೆ ಒಂದಿಷ್ಟು ಗಾಳಿ ಹೊರಗೆ ಹೋಗುತ್ತದೆ. ಸ್ನಾನ ಮುಗಿಸಿ ಕೊನೆಗೆ ತಣ್ಣೀರು ಸುರಿದುಕೊಂಡಾಗ ಅಥವಾ ಫ್ಯಾನಿನ ಕೆಳಗೆ ಬಂದಾಗ ಒಳಗಿನ ಗಾಳಿ ಕುಗ್ಗುತ್ತದೆ. 40 ಡಿಗ್ರಿಯಿಂದ 25ಕ್ಕೆ ಇಳಿದರೆ ಒಳಗಿನ ಒತ್ತಡ ಸುಮಾರು ನೂರಕ್ಕೆ 5ರಷ್ಟು ಇಳಿಯುತ್ತದೆ. ಇದು ಅರ್ಧ ಮೀಟರ್ ನೀರಿನ ಒತ್ತಡಕ್ಕೆ ಸಮ. ಅಷ್ಟೇ ಎನಿಸಬಹುದು. ಆದರೆ ಈ ಎಳೆತ ನಡೆಯುವ ಹೊತ್ತಿಗೆ ಕ್ರೌನಿನ ಕುತ್ತಿಗೆಯಲ್ಲಿ ಸೋಪಿನ ನೀರು ನಿಂತಿರುತ್ತದೆ.

ಸೋಪು, ಶ್ಯಾಂಪೂ ಬೆರೆತ ನೀರಿನ ಮೇಲ್ಮೈ ಸೆಳೆತ ಬರಿಯ ನೀರಿನ ಅರ್ಧಕ್ಕಿಂತ ಕಡಿಮೆ. ಬರಿಯ ನೀರು ಹನಿಯಾಗಿ ನಿಂತುಬಿಡುವ ಕೂದಲೆಳೆಯ ಸಂದಿಯಲ್ಲಿ ಸೋಪಿನ ನೀರು ತೆಳುವಾಗಿ ಹರಡಿ ಒಳಗೆ ನಡೆಯುತ್ತದೆ. ಕ್ರೌನ್ ವಾಷರ್‌ಗೆ ಹಚ್ಚಿದ ಸಿಲಿಕೋನ್ ಗ್ರೀಸನ್ನೂ ಅದು ದಿನದಿಂದ ದಿನಕ್ಕೆ ತೊಳೆದುಹಾಕುತ್ತದೆ. ಗ್ರೀಸ್ ಹೋದ ವಾಷರ್ ಒಣಗಿ, ಕ್ರೌನ್ ಎಳೆದಾಗೆಲ್ಲ ಉಜ್ಜಿ ಸವೆಯುತ್ತದೆ. ಬಿಸಿ ಹಬೆಯ ಆವಿಯಂತೂ ಒಳ್ಳೆಯ ವಾಷರ್‌ನ ರಬ್ಬರನ್ನೂ ನಿಧಾನವಾಗಿ ದಾಟಬಲ್ಲದು.

ಆದ್ದರಿಂದ ಬಿಸಿನೀರು ಮತ್ತು ಸೋಪಿನ ಸ್ನಾನಕ್ಕೆ ಯಾವ ಅಂಕಿಯ ವಾಚನ್ನೂ ಕಟ್ಟಿಕೊಂಡು ಹೋಗದಿರುವುದೇ ಮೇಲು. 10 ಬಾರ್ ವಾಚು ಹೆಚ್ಚು ಕಾಲ ತಡೆದೀತು, ಆದರೆ ಆ ಅಂಕಿಯ ಪರೀಕ್ಷೆಯಲ್ಲಿ ಸೋಪು ಇರಲಿಲ್ಲ. ಸೌನಾ, ಹಬೆ ಕೋಣೆ ಇನ್ನೂ ಕೆಟ್ಟದ್ದು. ಬೈಕು ತೊಳೆಯುವ ಪ್ರೆಷರ್ ಗನ್ನಿನ ಎದುರು ಕೈಯೊಡ್ಡಿದರೆ ಲೆಕ್ಕವೇ ಬೇರೆ. ಅದರ ಪಂಪು ನೂರು ಬಾರ್‌ನಷ್ಟು ಒತ್ತಡದಲ್ಲಿ ಕೆಲಸ ಮಾಡುತ್ತದೆ, ಯಾವ ವಾಷರನ್ನೂ ಪಕ್ಕಕ್ಕೆ ಮಡಚಬಲ್ಲದು.

ಡಬ್ಬದ ಮುಚ್ಚಳದ ಪರೀಕ್ಷೆ

ಮಾನದಂಡದಲ್ಲಿಯೇ ಇರುವ ಮಂಜಿನ ಪರೀಕ್ಷೆಯನ್ನು ಮನೆಯಲ್ಲಿ ಸರಳವಾಗಿ ಮಾಡಬಹುದು. ನೀರಿನಲ್ಲಿ ಮುಳುಗಿಸುವ ಅಗತ್ಯವಿಲ್ಲದ್ದರಿಂದ ವಾಚಿಗೆ ಅಪಾಯವಿಲ್ಲ. ಇದು ಮುಳ್ಳಿನ ವಾಚುಗಳಿಗೆ, ಸ್ಮಾರ್ಟ್‌ವಾಚಿಗೆ ಹೊಂದುವುದಿಲ್ಲ.

1. ಸ್ಟೀಲ್ ಡಬ್ಬದಲ್ಲಿ 45 ಡಿಗ್ರಿಯ ಸುಮಾರಿನ ನೀರು ತುಂಬಿ. ಥರ್ಮಾಮೀಟರ್ ಇಲ್ಲದಿದ್ದರೆ, ಕೈಯಿಟ್ಟರೆ ತಾಳಿಕೊಳ್ಳುವಷ್ಟು ಬಿಸಿ ಇರಲಿ. ಮುಚ್ಚಳ ಬಿಗಿಯಾಗಿ ಹಾಕಿ ಹೊರಮೈ ಒರೆಸಿ.
2. ವಾಚಿನ ಕ್ರೌನ್ ಪೂರ್ತಿ ಒಳಗಿದೆಯೇ ನೋಡಿ. ವಾಚಿನ ಹಿಂಬದಿ ಡಬ್ಬದ ಮುಚ್ಚಳಕ್ಕೆ ತಾಗುವಂತೆ, ಗ್ಲಾಸು ಮೇಲೆ ಬರುವಂತೆ ಇಡಿ. ಸ್ಟ್ರ್ಯಾಪ್ ಅಡ್ಡ ಬಂದರೆ ಕಳಚಿ. 15 ನಿಮಿಷ ಬಿಡಿ.
3. ಸುಮಾರು 20 ಡಿಗ್ರಿಯ ನೀರಿನ ಒಂದು ದೊಡ್ಡ ಹನಿಯನ್ನು ಗ್ಲಾಸಿನ ನಡುವೆ ಬಿಡಿ. ಸೆಕೆಯ ಊರುಗಳಲ್ಲಿ ನಲ್ಲಿನೀರು ಇದಕ್ಕಿಂತ ಬೆಚ್ಚಗಿರುತ್ತದೆ, ಸ್ವಲ್ಪ ಫ್ರಿಜ್ ನೀರು ಬೆರೆಸಿಕೊಳ್ಳಿ. ಐಸ್ ಬೇಡ, ಅದರ ತಂಪಿಗೆ ಒಳ್ಳೆಯ ವಾಚಿನಲ್ಲೂ ಮಂಜು ಕಾಣಬಹುದು.
4. ಒಂದು ನಿಮಿಷ ಬಿಟ್ಟು ಹನಿಯನ್ನು ಒರೆಸಿ, ತಕ್ಷಣ ಟಾರ್ಚಿನ ಬೆಳಕಿನಲ್ಲಿ ಅದೇ ಜಾಗ ನೋಡಿ.

ಹನಿ ಕೂತಿದ್ದ ಜಾಗದ ಒಳಬದಿಯಲ್ಲಿ ದುಂಡನೆಯ ಮಂಜಿನ ಕಲೆ ಕಂಡರೆ ಒಳಗೆ ಇರಬೇಕಾದದ್ದಕ್ಕಿಂತ ಹೆಚ್ಚು ತೇವವಿದೆ. ಏನೂ ಕಾಣದಿದ್ದರೆ ಸದ್ಯಕ್ಕೆ ಒಳಗೆ ಒಣಗಿದೆ ಎಂದರ್ಥ. ಮುಂದೆ ಸೋರುವುದಿಲ್ಲ ಎಂಬ ಖಾತರಿ ಇದರಿಂದ ಸಿಗುವುದಿಲ್ಲ.

ತೇವ ಬಂತು ಸರಿ, ಆದರೆ ಸೋರಿ ಬಂತೇ?

ಇಲ್ಲಿ ಬಹಳ ಜನ ಎಡವುತ್ತಾರೆ, ಅಂಗಡಿಯವರು ಕೂಡ. ಸೋರಿಕೆಯೇ ಇಲ್ಲದೆ ವಾಚಿನಲ್ಲಿ ಮಂಜು ಕೂರಬಹುದು. ಮಂಗಳೂರಿನಲ್ಲಿ ಜುಲೈ ತಿಂಗಳಲ್ಲಿ ಒಂದು ವಾಚಿನ ಸೆಲ್ಲು ಬದಲಿಸಿದರು ಎಂದುಕೊಳ್ಳಿ. ಅಂಗಡಿ ರಸ್ತೆಗೆ ತೆರೆದಿದೆ, ಗಾಳಿ 28 ಡಿಗ್ರಿ, ತೇವಾಂಶ ನೂರಕ್ಕೆ 90. ಮುಚ್ಚಳ ಒತ್ತಿದಾಗ ಆ ಗಾಳಿಯೇ ಒಳಗೆ ಸೆರೆಯಾಯಿತು. ಅಂಥ ಗಾಳಿ ಸುಮಾರು 26 ಡಿಗ್ರಿಗೆ ತಣಿದರೆ ಸಾಕು, ಹನಿಗಟ್ಟಲು ಶುರು. ಕಚೇರಿಯ ಎಸಿ 23ಕ್ಕೆ ಇಟ್ಟಿದ್ದರೆ ಗ್ಲಾಸಿನಲ್ಲಿ ಮಂಜು ಕಾಣದಿದ್ದರೇ ಆಶ್ಚರ್ಯ.

ಅದೇ ಕೆಲಸವನ್ನು 24 ಡಿಗ್ರಿ, ನೂರಕ್ಕೆ 50 ತೇವಾಂಶದ ಎಸಿ ಕೋಣೆಯಲ್ಲಿ ಮಾಡಿದ್ದರೆ ಗ್ಲಾಸು 13 ಡಿಗ್ರಿಗೆ ಇಳಿಯುವವರೆಗೆ ಮಂಜಿನ ಮಾತಿಲ್ಲ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದಲ್ಲಿ ಸೆಲ್ಲು ಬದಲಿಸುವುದಾದರೆ ಎಸಿ ಇರುವ ಅಂಗಡಿಯನ್ನೇ ಹುಡುಕಬೇಕು ಎನ್ನುವುದು ಈ ಕಾರಣಕ್ಕೆ.

ಬೇರ್ಪಡಿಸುವುದು ಹೇಗೆ? ಸೆಲ್ಲು ಬದಲಿಸಿದ ಮೇಲೆ ಹೋದ ಮೊದಲ ತಣ್ಣನೆಯ ಜಾಗದಲ್ಲೇ ಮಂಜು ಬಂದು, ಆಮೇಲೆ ಪ್ರತಿಸಲವೂ ಅಷ್ಟೇ ಬರುತ್ತಿದ್ದರೆ ಸೆರೆಸಿಕ್ಕ ಗಾಳಿಯ ಅನುಮಾನ ಮೊದಲು. ಕೆಲವು ವಾರ ಚೆನ್ನಾಗಿದ್ದು ಒಂದು ಸ್ನಾನದ ಅಥವಾ ಮಳೆಯ ನಂತರ ಶುರುವಾಗಿ, ಬರಬರುತ್ತಾ ಹೆಚ್ಚುತ್ತಿದ್ದರೆ ಸೋರಿಕೆ. ಇನ್ನೂ ಅನುಮಾನವಿದ್ದರೆ ವಾಚನ್ನು ಎಸಿ ಕೋಣೆಯಲ್ಲಿ ತೆರೆದು ಒಂದು ಗಂಟೆ ಹಾಗೇ ಬಿಟ್ಟು, ಅಲ್ಲಿಯೇ ಮುಚ್ಚಿ, ಡಬ್ಬದ ಮುಚ್ಚಳದ ಪರೀಕ್ಷೆ ಮಾಡಬೇಕು. ಗ್ಲಾಸು ತಿಳಿಯಾಗಿರಬೇಕು. ಒಂದು ವಾರ ಕೈತೊಳೆಯುವುದು, ಮಳೆ, ಬೆವರು ಎಲ್ಲ ಎಂದಿನಂತೆ ನಡೆಯಲಿ, ಆಮೇಲೆ ಅದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ಈಗ ಮಂಜು ಕಂಡರೆ ಅದು ಈ ವಾರದಲ್ಲಿ ಒಳಗೆ ಬಂದದ್ದು, ಬೇರೆ ವಿವರಣೆ ಇಲ್ಲ.

ಸೋರುವ ಮೂರು ಬಾಗಿಲು

ನೀರು ಬರಲು ದಾರಿ ಮೂರೇ: ಕ್ರೌನ್ ಮತ್ತು ಇತರ ಗುಂಡಿಗಳು, ಹಿಂಬದಿ ಮುಚ್ಚಳ, ಗ್ಲಾಸಿನ ಅಂಚು. ಮಂಜು ಮೊದಲು ಕಂಡದ್ದು 3 ಗಂಟೆಯ ಬಳಿಯಾದರೆ ಕ್ರೌನ್ ಎಂದು ಹೇಳುವವರಿದ್ದಾರೆ. ಇದನ್ನು ಸುಳಿವೆಂದು ಇಟ್ಟುಕೊಳ್ಳಬಹುದು, ಸಾಕ್ಷಿ ಎಂದಲ್ಲ. ಆವಿ ಎಲ್ಲಿಂದ ಬಂದರೂ ಗ್ಲಾಸಿನ ಅತಿ ತಣ್ಣನೆಯ ಭಾಗಕ್ಕೇ ಹೋಗಿ ಕೂರುತ್ತದೆ.

ಕ್ರೌನ್ ಮೊದಲ ಆರೋಪಿ, ಏಕೆಂದರೆ ಚಲಿಸುವ ವಾಷರ್ ಇರುವುದು ಅಲ್ಲಿ. ಮೊದಲು ಅದು ಪೂರ್ತಿ ಒಳಗಿದೆಯೇ ನೋಡಿ. ತಾರೀಕು ತಿದ್ದಿದ ಮೇಲೆ ಅರ್ಧಕ್ಕೆ ಬಿಟ್ಟ ಕ್ರೌನ್, ಎಳೆ ತಿರುಗಿಸಿ ಬಿಗಿಯುವ ಜಾತಿಯದಾದರೆ ಬಿಗಿಯದೇ ಬಿಟ್ಟ ಕ್ರೌನ್, ಇವೆರಡರಿಂದ ಹಾಳಾಗುವ ವಾಚುಗಳು ಬಹಳ. ಬೆರಳಿನಿಂದ ಮೇಲೆ ಕೆಳಗೆ ಅಲ್ಲಾಡಿಸಿ. ಸಡಿಲವಾಗಿ ಆಡಿದರೆ ವಾಷರ್ ಸವೆದಿದೆ ಅಥವಾ ಒಳಗಿನ ಕೊಳವೆ ಸವೆದಿದೆ. ತಿರುಗಿಸಿದಾಗ ಮೆತ್ತಗಿನ ಹಿಡಿತವಿದ್ದರೆ ವಾಷರ್ ಬದುಕಿದೆ; ಹಿಡಿತವೇ ಇಲ್ಲದೆ ಗರಗರ ತಿರುಗಿದರೆ ಗ್ರೀಸ್ ಮುಗಿದಿದೆ. ಕ್ರೌನ್ ವಾಷರ್ ಸಾಮಾನ್ಯವಾಗಿ ಕ್ರೌನಿನ ಒಳಗೇ ಕೂತಿರುವುದರಿಂದ ಅದೇ ಅಳತೆಯ ಹೊಸ ಕ್ರೌನ್ ಹಾಕುವುದೇ ಸುಲಭದ ದುರಸ್ತಿ.

ಧೂಳು ಮತ್ತು ಬೆವರಿನ ಆಟವೂ ಇಲ್ಲಿಯೇ. ಬಳ್ಳಾರಿಯ ಅದಿರಿನ ಧೂಳಾಗಲಿ, ಕಟ್ಟಡ ಕೆಲಸದ ಸಿಮೆಂಟಾಗಲಿ, ಬೆವರಿನೊಂದಿಗೆ ಸೇರಿ ಕ್ರೌನಿನ ಕುತ್ತಿಗೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಸಂಜೆ ಸಮಯ ತಿದ್ದಲು ಕ್ರೌನ್ ಎಳೆದು ಒತ್ತಿದಾಗ ಆ ಮರಳು ಕೊಳವೆಯೊಳಗೆ ಹೋಗಿ ವಾಷರ್ ಮೇಲೆ ಗೀರು ಹಾಕುತ್ತದೆ. ಒಂದು ಗೀರು ಸಾಕು, ಮುಂದಿನ ಮಳೆಗೆ ಅದೇ ಕಾಲುವೆ. ಆದ್ದರಿಂದ ಧೂಳಿನ ದಿನ ಮೊದಲು ಸ್ವಚ್ಛ ಮಾಡಿ, ಆಮೇಲೆ ಕ್ರೌನ್ ಮುಟ್ಟಬೇಕು. 5 ಬಾರ್ ಅಥವಾ ಹೆಚ್ಚಿನ, ವಾಷರ್ ಚೆನ್ನಾಗಿರುವ ವಾಚನ್ನು ಕ್ರೌನ್ ಮುಚ್ಚಿಟ್ಟು ತಣ್ಣೀರಿನ ತೆಳು ಧಾರೆಯಡಿ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಬಹುದು. 3 ಬಾರ್ ವಾಚಿಗೆ ಒದ್ದೆಬಟ್ಟೆ ಸಾಕು. ವಾಚಿನ ಮೇಲಿರುವ ಬಾರ್, ಎಟಿಎಂ ಅಂಕಿಗಳು ಧೂಳಿನ ಬಗ್ಗೆ ಏನೂ ಹೇಳುವುದಿಲ್ಲ.

ಹಿಂಬದಿ ಮುಚ್ಚಳದ ವಾಷರ್ ಚಲಿಸುವುದಿಲ್ಲ, ಹಾಗಾಗಿ ತಾನಾಗಿ ಸವೆಯುವುದು ಕಡಿಮೆ. ಅದು ಕೆಡುವುದು ಸೆಲ್ಲು ಬದಲಿಸುವ ದಿನ. ಚಪ್ಪಟೆಯಾದ ಹಳೆಯ ವಾಷರನ್ನೇ ಮತ್ತೆ ಹಾಕುವುದು, ಅದು ತೋಡಿನಿಂದ ಹೊರಬಂದು ಮುಚ್ಚಳದಡಿ ಸಿಕ್ಕಿಕೊಳ್ಳುವುದು, ನಡುವೆ ಒಂದು ನೂಲೆಳೆ ಉಳಿಯುವುದು, ಮುಚ್ಚಳ ಓರೆಯಾಗಿ ಕೂರುವುದು. ಒತ್ತುವ ಯಂತ್ರದಲ್ಲಿ ಅಳತೆಗೆ ಹೊಂದದ ಬಿಲ್ಲೆ ಇಟ್ಟು ಒತ್ತಿದರೆ ಭಾರ ಗ್ಲಾಸಿನ ನಡುವೆ ಬಿದ್ದು ಗ್ಲಾಸೇ ಜಾಗ ಬಿಡುತ್ತದೆ. ಆಗ ಒಂದು ಬಾಗಿಲು ಮುಚ್ಚಲು ಹೋಗಿ ಇನ್ನೊಂದು ತೆರೆದಂತೆ.

ಬೆವರುವ ಕೈಗಳಿಗೆ ಸಂಬಂಧಿಸಿದ ಒಂದು ಗುಟ್ಟು ವಾಚಿನ ಹಿಂದೆಯೇ ಬರೆದಿರುತ್ತದೆ. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಷ್ಟೇ ಇದ್ದರೆ ಸ್ಟೀಲ್ ಆಗಿರುವುದು ಹಿಂಬದಿ ಮುಚ್ಚಳ ಮಾತ್ರ ಎಂದು ತಿಳಿಯಬೇಕು. ಉಳಿದ ಕೇಸು ಹಿತ್ತಾಳೆ ಅಥವಾ ಬೇರೆ ಲೋಹಕ್ಕೆ ಲೇಪ ಕೊಟ್ಟದ್ದು. ಬೆವರಿನ ಉಪ್ಪು ಮುಚ್ಚಳದ ಅಂಚಿನಲ್ಲಿ ಆ ಲೇಪವನ್ನು ತಿಂದು, ವಾಷರ್ ಕೂರುವ ತೋಡಿನಲ್ಲೇ ಸಣ್ಣ ಗುಳಿಗಳನ್ನು ಮಾಡುತ್ತದೆ. ಹೊಸ ವಾಷರ್ ಹಾಕಿದರೂ ಗುಳಿಯ ಮೇಲೆ ಅದು ಕೂರುವುದಿಲ್ಲ. ಭೂತಗನ್ನಡಿಯಲ್ಲಿ ಇಂಥ ಗುಳಿ ಕಂಡರೆ ಆ ವಾಚನ್ನು ಇನ್ನು ಮುಂದೆ ನೀರುತಡೆ ಇಲ್ಲದ್ದೆಂದೇ ಬಳಸಬೇಕು, ಹಿಂದೆ ಏನೇ ಬರೆದಿರಲಿ.

ಅಂಗಡಿಯಲ್ಲಿ: ಗುಳ್ಳೆ ಹೇಳುವ ಜಾಗ

ವಾಷರ್ ಬದಲಿಸಿದೆ ಎಂಬ ಮಾತಿಗೆ ಪ್ರೆಷರ್ ಟೆಸ್ಟ್ ಸಾಕ್ಷಿಯಾಗಬೇಕು. ಎರಡು ಬಗೆ ಇವೆ. ಒಣ ಪರೀಕ್ಷೆಯಲ್ಲಿ ಗಾಳಿಯ ಒತ್ತಡ ಕೊಟ್ಟು ಕೇಸು ಕೂದಲಿಗಿಂತ ಸಣ್ಣ ಪ್ರಮಾಣದಲ್ಲಿ ಬಾಗುವುದನ್ನು ಅಳೆಯುತ್ತಾರೆ. ಬಾಗಿದ್ದು ಹಾಗೇ ನಿಂತರೆ ಬಿಗಿಯಿದೆ, ನಿಧಾನಕ್ಕೆ ಮರಳಿದರೆ ಗಾಳಿ ಒಳಹೋಗುತ್ತಿದೆ. ಇದು ಸೋರುತ್ತದೆಯೇ ಎಂದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ.

ಎಲ್ಲಿ ಎಂದು ಹೇಳುವುದು ಒದ್ದೆ ಪರೀಕ್ಷೆ. ದಪ್ಪ ಪ್ಲಾಸ್ಟಿಕ್ ಪಾತ್ರೆಯಲ್ಲಿ ಅರ್ಧ ನೀರು. ವಾಚನ್ನು ನೀರಿನ ಮೇಲೆ ಗಾಳಿಯಲ್ಲಿ ತೂಗುಹಾಕಿ 3 ಬಾರ್‌ಗೆ ಪಂಪು ಮಾಡಿ ಕೆಲವು ನಿಮಿಷ ಬಿಡುತ್ತಾರೆ. ಸೋರುವ ವಾಚಾದರೆ ಅಷ್ಟರಲ್ಲಿ ಒತ್ತಡದ ಗಾಳಿ ಒಳಗೆ ತುಂಬಿರುತ್ತದೆ. ಈಗ ವಾಚನ್ನು ನೀರಿಗೆ ಇಳಿಸಿ ಪಾತ್ರೆಯ ಒತ್ತಡವನ್ನು ನಿಧಾನವಾಗಿ ಬಿಡುತ್ತಾರೆ. ಒಳಗಿನ ಗಾಳಿ ಹೊರಗೆ ಬರುವಾಗ ಸೋರುವ ಜಾಗದಿಂದಲೇ ಗುಳ್ಳೆಗಳ ಸಾಲು ಏಳುತ್ತದೆ. ಗಾಳಿ ಹೊರಬರುತ್ತಿರುವವರೆಗೆ ನೀರು ಒಳಹೋಗುವುದಿಲ್ಲ. ಗುಳ್ಳೆ ಕಂಡ ಕೂಡಲೇ ವಾಚನ್ನು ನೀರಿನಿಂದ ಮೇಲೆತ್ತಿಬಿಡಬೇಕು. ಸ್ಟ್ರ್ಯಾಪಿನ ಸಂದಿಯಿಂದ ಬರುವ ಒಂದೆರಡು ಗುಳ್ಳೆ ಲೆಕ್ಕಕ್ಕಿಲ್ಲ, ನಿಲ್ಲದ ಸಾಲು ಮಾತ್ರ ಸಾಕ್ಷಿ.

ಮಂಗಳೂರಿನ ಆ ವಾಚಿಗೇ ಮರಳೋಣ. ನಾಲ್ಕು ವರ್ಷದ 5 ಬಾರ್ ಕ್ವಾರ್ಟ್ಜ್ ವಾಚು, ಪೂರ್ತಿ ಸ್ಟೀಲ್, ಜುಲೈನಲ್ಲಿ ಸೆಲ್ಲು ಬದಲು, ದಿನವೂ ಬಿಸಿನೀರಿನ ಸ್ನಾನಕ್ಕೂ ಕೈಯಲ್ಲೇ. ಮುಚ್ಚಳದ ಪರೀಕ್ಷೆಯಲ್ಲಿ ಮಂಜು ಬಂತು. ಎಸಿ ಕೋಣೆಯಲ್ಲಿ ತೆರೆದಾಗ ಹಿಂಬದಿ ವಾಷರ್ ಚಪ್ಪಟೆ, ಒಂದು ಕಡೆ ಮುಚ್ಚಳದ ತುಟಿಗೆ ಸಿಕ್ಕಿ ಜಜ್ಜಿದೆ. ಇಲ್ಲಿಗೆ ಕಾರಣ ಸಿಕ್ಕಿತು ಎಂದು ಹೊಸ ವಾಷರ್ ಹಾಕಿ ಕೊಟ್ಟುಬಿಡುವುದು ವಾಡಿಕೆ. ಆದರೆ ವಾಷರ್ ಬದಲಿಸಿ, ಗ್ರೀಸ್ ಹಚ್ಚಿ, 3 ಬಾರ್‌ನ ಒದ್ದೆ ಪರೀಕ್ಷೆಗೆ ಹಾಕಿದರೆ ಹಿಂಬದಿ ಶಾಂತ, ಕ್ರೌನಿನಿಂದ ಗುಳ್ಳೆಯ ಸಾಲು. ದಿನದ ಸೋಪು ತನ್ನ ಕೆಲಸ ಮಾಡಿತ್ತು. ಕ್ರೌನ್ ಬದಲಿಸಿ, ಮೊದಲು 3 ಬಾರ್, ಅದು ಸರಿ ಎಂದಾದ ಮೇಲೆ 5 ಬಾರ್‌ಗೆ ಪರೀಕ್ಷೆ. ವಾರದ ನಂತರ ಮುಚ್ಚಳದ ಪರೀಕ್ಷೆಯಲ್ಲಿ ಗ್ಲಾಸು ತಿಳಿ. ಇಂಥ ಸಂದರ್ಭಗಳಲ್ಲಿ ದೋಷ ಒಂದೇ ಎಂದು ನಂಬದಿರುವುದು ಮುಖ್ಯ: ಸೆರೆಸಿಕ್ಕ ಗಾಳಿ, ಜಜ್ಜಿದ ವಾಷರ್, ಸವೆದ ಕ್ರೌನ್ ಮೂರೂ ಒಟ್ಟಿಗೇ ಇದ್ದವು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ: ಹಿಂಬದಿ ವಾಷರ್ ಹೊಸದೇ, ಮತ್ತು ಎಷ್ಟು ಬಾರ್‌ಗೆ ಪರೀಕ್ಷಿಸುತ್ತೀರಿ? ಪರೀಕ್ಷೆಯ ಯಂತ್ರವಿಲ್ಲದ ಅಂಗಡಿಯಲ್ಲಿ ಸೆಲ್ಲು ಬದಲಿಸುವುದು ತಪ್ಪಲ್ಲ. ಆದರೆ ಆ ದಿನದಿಂದ ಆ ವಾಚಿಗೆ ಮಳೆ, ಬೆವರು ಮಾತ್ರ, ಈಜು ಇಲ್ಲ ಎಂದುಕೊಳ್ಳಬೇಕು.

ಯಾವುದಕ್ಕೆ ಯಾವುದು

ಹಿಂದೆ ನೀರಿನ ಮಾತೇ ಬರೆದಿಲ್ಲದ ವಾಚನ್ನು, ಅಜ್ಜನ ಕಾಲದ ಕೀ ಕೊಡುವ ಎಚ್‌ಎಂಟಿಯೇ ಇರಲಿ, ಹೊಸ ಫ್ಯಾಷನ್ ವಾಚೇ ಇರಲಿ, ಮಳೆಯಲ್ಲಿ ಜೇಬಿಗೆ ಹಾಕಿಕೊಳ್ಳಿ. ಬರಿ ‘ವಾಟರ್ ರೆಸಿಸ್ಟೆಂಟ್’ ಅಥವಾ 3 ಬಾರ್ ಇದ್ದರೆ ಮಳೆ, ಬೆವರು, ಕೈತೊಳೆಯುವುದು ಸರಿ. ಅದಕ್ಕಿಂತ ಮುಂದೆ ಬೇಡ. ವಾಷರ್ ಚೆನ್ನಾಗಿದ್ದರೆ 5 ಬಾರ್ ಈಜುಕೊಳಕ್ಕೆ ನಡೆಯುತ್ತದೆ, ನೀರೊಳಗೆ ಗುಂಡಿ ಒತ್ತಬಾರದು. ಸಮುದ್ರಕ್ಕೆ, ಎತ್ತರದಿಂದ ಹಾರುವುದಕ್ಕೆ 10 ಬಾರ್ ಇರಲಿ, ಮೇಲೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಕಂಪನಿಗಳ ಪಟ್ಟಿಗಳಲ್ಲಿ ಸಣ್ಣ ವ್ಯತ್ಯಾಸಗಳಿರುತ್ತವೆ. ನಿಮ್ಮ ವಾಚಿನ ಜೊತೆ ಬಂದ ಕಾರ್ಡು ಇದಕ್ಕಿಂತ ಬಿಗಿಯಾಗಿ ಹೇಳಿದರೆ ಕಾರ್ಡಿನ ಮಾತೇ ಕೊನೆ. ಚರ್ಮದ ಸ್ಟ್ರ್ಯಾಪ್ ಇದ್ದರೆ ಅಂಕಿ ಎಷ್ಟೇ ಇರಲಿ ಸ್ಟ್ರ್ಯಾಪೇ ಮೊದಲು ಕೊಳೆಯುತ್ತದೆ.

ಸ್ಮಾರ್ಟ್‌ವಾಚುಗಳಲ್ಲಿ ಐಪಿ 67, ಐಪಿ 68 ಎಂಬ ಬೇರೆ ಅಂಕಿ ಇರುತ್ತದೆ. ಮೊದಲ ಅಂಕಿ ಧೂಳಿಗೆ. 6 ಅಂದರೆ ಧೂಳು ಒಳಗೆ ಹೋಗದು. ಎರಡನೆಯದು ನೀರಿಗೆ, 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ, 8 ಅಂದರೆ ಅದಕ್ಕಿಂತ ಹೆಚ್ಚು, ಎಷ್ಟು ಎಂಬುದನ್ನು ಕಂಪನಿಯೇ ಹೇಳಬೇಕು. ಎರಡೂ ನಿಂತ ನೀರಿನ ಪರೀಕ್ಷೆಗಳು. ಚಿಮ್ಮುವ ಧಾರೆಯ ಪರೀಕ್ಷೆ 5 ಮತ್ತು 6ರದ್ದು, 7 ಅಥವಾ 8 ಇದೆ ಎಂದ ಮಾತ್ರಕ್ಕೆ ಅದು ಸೇರಿಬಂತೆಂದಲ್ಲ. ಹಾಗಾಗಿ ಬರಿಯ ಐಪಿ 68 ಇರುವ ವಾಚು ಧೂಳಿಗೆ ಮತ್ತು ಮಳೆಗೆ ಒಳ್ಳೆಯದು, ಈಜಿಗೆ ಐಪಿ ಅಂಕಿಯ ಜೊತೆ 5 ಎಟಿಎಂ ಕೂಡ ಬರೆದಿರಬೇಕು. ಇವುಗಳ ಪರದೆಯನ್ನು ಸಾಮಾನ್ಯವಾಗಿ ಅಂಟಿನಿಂದ ಕೂರಿಸಿರುತ್ತಾರೆ. ಒಮ್ಮೆ ಬಿದ್ದು ಅಂಚಿನಲ್ಲಿ ಬಿರುಕು ಬಿಟ್ಟಿದ್ದರೆ, ಅಥವಾ ಬ್ಯಾಟರಿ ಬದಲಿಸಲು ತೆರೆದು ಮತ್ತೆ ಅಂಟಿಸಿದ್ದರೆ, ಹೊಸ ಅಂಟಿನ ಮೇಲೆ ಪ್ರೆಷರ್ ಟೆಸ್ಟ್ ಆಗುವವರೆಗೆ ಅದನ್ನು ನೀರಿಗೆ ಒಡ್ಡಬೇಡಿ.